ಪರೀಕ್ಷೆ ಮುಗಿದ ಸಂಜೆಯ ಕೀ ಉತ್ತರ: 2024 ಕಲಿಸಿದ್ದೇನು?

ಪರೀಕ್ಷಾ ಕೇಂದ್ರದ ಗೇಟು ದಾಟುವ ಹೊತ್ತಿಗೇ ಕೀ ಉತ್ತರ ಮೊಬೈಲಿಗೆ ಬಂದುಬಿಡುವ ಕಾಲ ಇದು. ಯಾವುದೋ ಕೋಚಿಂಗ್ ಸಂಸ್ಥೆಯ ಹೆಸರಿರುವ ಒಂದು ಪಿಡಿಎಫ್, ಅದರ ಬೆನ್ನಿಗೆ ಇನ್ನೊಂದು, ರಾತ್ರಿಯೊಳಗೆ ನಾಲ್ಕೈದು. ಪರೀಕ್ಷೆಗೆ ಮುಂಚಿನ ವಾರದಲ್ಲಿ ಇದೇ ಗುಂಪುಗಳಲ್ಲಿ ಗೆಸ್ ಪೇಪರ್‌ಗಳು ಓಡಾಡುತ್ತಿರುತ್ತವೆ. ‘ಇಷ್ಟು ಓದಿದರೆ ಸಾಕು’, ‘ನೂರಕ್ಕೆ ನೂರು ಫಿಕ್ಸ್’ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಇವನ್ನು ನೋಡಬೇಡಿ ಎಂದು ಮಕ್ಕಳಿಗೆ ಹೇಳಿ ಪ್ರಯೋಜನವಿಲ್ಲ. ನೋಡಿಯೇ ನೋಡುತ್ತಾರೆ, ತಂದೆ ತಾಯಿಯೂ ನೋಡುತ್ತಾರೆ. ಎಷ್ಟು ನಂಬಬೇಕು, ಯಾವುದಕ್ಕೆ ನಂಬಬೇಕು ಎನ್ನುವುದೇ ನಮ್ಮ ಮುಂದಿರುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು 2024ರಷ್ಟು ಒಳ್ಳೆಯ ವರ್ಷ ಇತ್ತೀಚೆಗೆ ಸಿಕ್ಕಿಲ್ಲ. ಏಪ್ರಿಲ್‌ನ ಸಿಇಟಿಯಿಂದ ಡಿಸೆಂಬರ್‌ನ ಕೆಎಎಸ್ ಮರುಪರೀಕ್ಷೆಯವರೆಗೆ, ಅನಧಿಕೃತ ಉತ್ತರ ಮತ್ತು ಊಹೆಯ ಪ್ರಶ್ನೆ ಎರಡೂ ಎಲ್ಲೆಲ್ಲಿ ಕೈಕೊಡುತ್ತವೆ ಎಂಬುದನ್ನು ಆ ವರ್ಷ ಒಂದೊಂದಾಗಿ ತೋರಿಸಿತು.

ಮೊದಲು ನಮ್ಮ ಸಿಇಟಿ. ಏಪ್ರಿಲ್ 18 ಮತ್ತು 19ರಂದು ಪರೀಕ್ಷೆ ನಡೆಯಿತು. ಪ್ರತಿ ವಿಷಯಕ್ಕೆ 60 ಪ್ರಶ್ನೆ, ಪ್ರಶ್ನೆಗೆ ಒಂದು ಅಂಕ, ತಪ್ಪಿಗೆ ಕಡಿತವಿಲ್ಲ. ಅಂದೇ ಹೊರಬಂದ ಕೋಚಿಂಗ್ ಕೀಗಳನ್ನು ಹಿಡಿದು ಸಾವಿರಾರು ಮನೆಗಳಲ್ಲಿ ಅಂಕದ ಲೆಕ್ಕ ನಡೆಯಿತು. ಆದರೆ ಪಠ್ಯದಿಂದ ಕೈಬಿಟ್ಟಿದ್ದ ಭಾಗಗಳಿಂದಲೇ ಹಲವು ಪ್ರಶ್ನೆಗಳು ಬಂದಿದ್ದವು. ವಿದ್ಯಾರ್ಥಿಗಳು, ಉಪನ್ಯಾಸಕರು ಪ್ರತಿಭಟಿಸಿದರು, ತಜ್ಞರ ಸಮಿತಿ ಕೂತಿತು. ಕೊನೆಗೆ ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದಲೇ ಹೊರಗಿಡಲಾಯಿತು.

ಆ 50 ಪ್ರಶ್ನೆಗಳಿಗೆ ಕೋಚಿಂಗ್ ಸಂಸ್ಥೆಗಳು ಕೊಟ್ಟಿದ್ದ ಉತ್ತರ ತಪ್ಪಾಗಿತ್ತು ಎಂದಲ್ಲ. ಬಹುಪಾಲು ಸರಿಯಾಗಿಯೇ ಬಿಡಿಸಿದ್ದರು. ಆದರೂ ಆ ಕೀ ನೋಡಿ ‘ನನಗೆ ಇಷ್ಟು ಬಂತು’ ಎಂದು ಬರೆದಿಟ್ಟುಕೊಂಡ ಅಂಕಕ್ಕೂ ಕೊನೆಗೆ ಪರಿಗಣನೆಗೆ ಬಂದ ಅಂಕಕ್ಕೂ ಸಂಬಂಧವೇ ಇರಲಿಲ್ಲ. ಕೈಬಿಟ್ಟ ಭಾಗವನ್ನೂ ಓದಿಕೊಂಡು ಆ ಪ್ರಶ್ನೆಗಳನ್ನು ಸರಿಯಾಗಿ ಬಿಡಿಸಿದ್ದ ಹುಡುಗಿಗೆ ಆ ಶ್ರಮಕ್ಕೆ ಏನೂ ಸಿಗಲಿಲ್ಲ. ಆ ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದ್ದವನಿಗೆ ನಷ್ಟವೂ ಆಗಲಿಲ್ಲ. ಒಂದು ಪ್ರಶ್ನೆಗೆ ಸರಿಯುತ್ತರ ಯಾವುದು ಎಂದು ಹೇಳಬಲ್ಲವರು ನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಪ್ರಶ್ನೆಗೆ ಅಂಕ ಸಿಗುತ್ತದೆಯೇ ಎಂದು ಹೇಳುವ ಅಧಿಕಾರ ಪರೀಕ್ಷಾ ಪ್ರಾಧಿಕಾರದ್ದು ಮಾತ್ರ. ಕೋಚಿಂಗ್ ಕೀ ಹೇಳುವುದು ಮೊದಲನೆಯದನ್ನು. ನಾವು ಓದಿಕೊಳ್ಳುವುದು ಎರಡನೆಯದನ್ನು.

ಎರಡು ವಾರ ಕಳೆದು ಮೇ 5ರಂದು ನೀಟ್ ನಡೆಯಿತು. ಅಲ್ಲಿ ಇದೇ ವಿಷಯ ಇನ್ನಷ್ಟು ತೀವ್ರವಾಗಿ ಎದುರಾಯಿತು. ಭೌತಶಾಸ್ತ್ರದಲ್ಲಿ ಎರಡು ಹೇಳಿಕೆಗಳ ಒಂದು ಪ್ರಶ್ನೆ. ಮೊದಲ ಹೇಳಿಕೆ, ಪರಮಾಣುವಿನಲ್ಲಿ ಧನ ಮತ್ತು ಋಣ ಆವೇಶಗಳು ಸಮನಾಗಿರುವುದರಿಂದ ಅದು ವಿದ್ಯುತ್ ತಟಸ್ಥ ಎನ್ನುವುದು. ಎರಡನೆಯದು, ಪ್ರತಿಯೊಂದು ಧಾತುವಿನ ಪರಮಾಣುವೂ ಸ್ಥಿರವಾಗಿದ್ದು ತನ್ನದೇ ವಿಶಿಷ್ಟ ರೋಹಿತವನ್ನು ಹೊರಸೂಸುತ್ತದೆ ಎನ್ನುವುದು. ಯುರೇನಿಯಂ, ರೇಡಿಯಂಗಳ ವಿಷಯ ತಿಳಿದವರಿಗೆ ಎರಡನೆಯ ಹೇಳಿಕೆ ತಪ್ಪು ಎಂದು ಕೂಡಲೇ ಗೊತ್ತಾಗುತ್ತದೆ. ವಿಕಿರಣಶೀಲ ಧಾತುಗಳ ಪರಮಾಣುಗಳು ಸ್ಥಿರವಲ್ಲ. ಹಾಗಾಗಿ ‘ಮೊದಲನೆಯದು ಸರಿ, ಎರಡನೆಯದು ತಪ್ಪು’ ಎನ್ನುವ ನಾಲ್ಕನೇ ಆಯ್ಕೆ ಸರಿ. ಆದರೆ ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದ ಹಳೆಯ ಆವೃತ್ತಿಯಲ್ಲಿ ‘ಪ್ರತಿ ಧಾತು’ ಎಂದೇ ಇತ್ತು. ಹೊಸ ಆವೃತ್ತಿಯಲ್ಲಿ ಅದು ‘ಬಹುತೇಕ ಧಾತುಗಳು’ ಎಂದು ತಿದ್ದುಪಡಿಯಾಗಿದೆ. ಅಣ್ಣನ, ಅಕ್ಕನ ಹಳೆಯ ಪುಸ್ತಕದಲ್ಲಿ ಓದಿದ ಮಕ್ಕಳು ಎರಡೂ ಹೇಳಿಕೆ ಸರಿ ಎನ್ನುವ ಎರಡನೇ ಆಯ್ಕೆಗೆ ಗುರುತು ಹಾಕಿದ್ದರು. ಎರಡನೇ ಆಯ್ಕೆ ಆರಿಸಿದವರು ಒಟ್ಟು 4.2 ಲಕ್ಷ ಮಂದಿ. ನಾಲ್ಕನೇ ಆಯ್ಕೆ ಆರಿಸಿದವರು 9.28 ಲಕ್ಷ.

ಮೇ 29ರಂದು ಎನ್‌ಟಿಎ ಪ್ರಕಟಿಸಿದ ತಾತ್ಕಾಲಿಕ ಕೀಯಲ್ಲಿ ನಾಲ್ಕನೆಯದೇ ಉತ್ತರವಾಗಿತ್ತು. ಹಳೆಯ ಪುಸ್ತಕವನ್ನು ಆಧಾರವಾಗಿ ತೋರಿಸಿ ಸಾವಿರಾರು ಆಕ್ಷೇಪಣೆಗಳು ಹೋದವು. ಅಂತಿಮ ಕೀಯಲ್ಲಿ ಎರಡು ಮತ್ತು ನಾಲ್ಕು ಎರಡಕ್ಕೂ ಅಂಕ ಕೊಟ್ಟರು. ಜೂನ್ 4ರ ಫಲಿತಾಂಶದಲ್ಲಿ 720ಕ್ಕೆ 720 ಪಡೆದವರು 67 ಮಂದಿ. ಅವರಲ್ಲಿ 44 ಮಂದಿಗೆ ಪೂರ್ಣಾಂಕ ಬಂದಿದ್ದು ಈ ಒಂದು ಪ್ರಶ್ನೆಯಿಂದ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಾಲಯದ ಸೂಚನೆಯಂತೆ ದೆಹಲಿ ಐಐಟಿಯ ಮೂವರು ತಜ್ಞರು ಪರಿಶೀಲಿಸಿ ನಾಲ್ಕನೇ ಆಯ್ಕೆ ಮಾತ್ರ ಸರಿ ಎಂದರು. ಜುಲೈ 23ರ ಆದೇಶದ ನಂತರ ಬಂದ ಪರಿಷ್ಕೃತ ಪಟ್ಟಿಯಲ್ಲಿ ಪೂರ್ಣಾಂಕದವರು 17 ಮಂದಿಗೆ ಇಳಿದರು. ಎರಡನೇ ಆಯ್ಕೆಯವರು ತಮಗೆ ಸಿಕ್ಕಿದ್ದ ನಾಲ್ಕು ಅಂಕ ಕಳೆದುಕೊಂಡರು. ತಪ್ಪುತ್ತರಕ್ಕೆ ಒಂದು ಅಂಕದ ಕಡಿತ ಬೇರೆ. ಒಟ್ಟು ಐದು ಅಂಕ.

ಈ ಒಂದು ಪ್ರಶ್ನೆಯ ಉತ್ತರ ಮೇ ತಿಂಗಳಿಂದ ಜುಲೈವರೆಗೆ ಅಧಿಕೃತವಾಗಿಯೇ ಎರಡು ಸಲ ಬದಲಾಯಿತು: ಮೊದಲು ನಾಲ್ಕು, ಆಮೇಲೆ ಎರಡು ಮತ್ತು ನಾಲ್ಕು, ಕೊನೆಗೆ ಮತ್ತೆ ನಾಲ್ಕು. ಹೀಗಿರುವಾಗ ಮೇ 5ರ ಸಂಜೆ ‘ಶೇಕಡಾ ನೂರು ನಿಖರ’ ಎಂಬ ಹಣೆಪಟ್ಟಿ ಹಚ್ಚಿಕೊಂಡು ಬಂದ ಕೀಗೆ ಆ ಮಾತು ಹೇಳುವ ಹಕ್ಕೇ ಇರಲಿಲ್ಲ. ಯಾವ ಪ್ರಶ್ನೆಗಳಲ್ಲಿ ವಿವಾದಕ್ಕೆ ಎಡೆಯಿದೆ ಎಂದು ಗುರುತಿಸಿ, ‘ಇಲ್ಲಿ ಹಳೆಯ ಪುಸ್ತಕ ಹೀಗೆ ಹೇಳುತ್ತದೆ, ಹೊಸದು ಹಾಗೆ’ ಎಂದು ಬರೆದಿದ್ದ ಕೀ ಇದ್ದಿದ್ದರೆ ಅದನ್ನು ನಂಬಬಹುದಿತ್ತು. ಒಂದು ಕೀಯ ಯೋಗ್ಯತೆ ಅಳೆಯಲು ನಾನು ಮೊದಲು ಹುಡುಕುವುದೇ ಇದನ್ನು. ಎಲ್ಲ ಪ್ರಶ್ನೆಗೂ ಒಂದೊಂದು ಅಂಕಿ ಬರೆದು, ಎಲ್ಲಿಯೂ ಅನುಮಾನ ಸೂಚಿಸದ, ಬಿಡಿಸಿದ ಕ್ರಮ ತೋರಿಸದ ಕೀ ದುರ್ಬಲ. ಕಷ್ಟದ ಪ್ರಶ್ನೆಗಳಿಗಾದರೂ ಎರಡು ಸಾಲಿನ ಕಾರಣ, ಪುಸ್ತಕದ ಪುಟ ಕೊಟ್ಟಿರುವ ಕೀ ತಪ್ಪಿದರೂ ಎಲ್ಲಿ ತಪ್ಪಿತೆಂದು ನಮಗೆ ಕಾಣಿಸುತ್ತದೆ.

ಇನ್ನು ಕೀ ಕೈಗೆ ಸಿಕ್ಕಾಗ ಮಾಡಬೇಕಾದ ಪರೀಕ್ಷೆ. ಮೊದಲು ವರ್ಷನ್ ಕೋಡ್ ನೋಡಬೇಕು. ಸಂಸ್ಥೆಗಳು ಸಾಮಾನ್ಯವಾಗಿ ಕೈಗೆ ಸಿಕ್ಕ ಒಂದು ವರ್ಷನ್ ಬಿಡಿಸಿ, ಉಳಿದವಕ್ಕೆ ಪ್ರಶ್ನೆಗಳನ್ನು ಹೊಂದಿಸಿ ಕೀ ತಯಾರಿಸುತ್ತವೆ. ಆತುರದಲ್ಲಿ ತಪ್ಪುಗಳು ಹುಟ್ಟುವುದು ಇಲ್ಲಿಯೇ. ಒಂದು ಸಾಲು ಜಾರಿದರೆ ಅದರ ಕೆಳಗಿನ ಉತ್ತರಗಳೆಲ್ಲ ಪಕ್ಕದ ಪ್ರಶ್ನೆಗೆ ಹೋಗಿ ಕೂರುತ್ತವೆ. ಕೆಲವು ಪರೀಕ್ಷೆಗಳಲ್ಲಿ ಪ್ರಶ್ನೆಯ ಕ್ರಮದ ಜೊತೆಗೆ ಆಯ್ಕೆಗಳ ಕ್ರಮವೂ ಬದಲಾಗುವುದರಿಂದ ಉತ್ತರ ಸರಿಯಿದ್ದೂ ಅದರ ಅಂಕಿ ತಪ್ಪಾಗುತ್ತದೆ.

ಇದನ್ನು ಕಂಡುಹಿಡಿಯುವುದು ಸುಲಭ. ಅಂಕ ಕೂಡಿಸಲು ಹೊರಡುವ ಮುಂಚೆ, ಪತ್ರಿಕೆಯ ಆರಂಭ, ನಡು, ಕೊನೆಯಿಂದ ಆರೇಳು ಪ್ರಶ್ನೆ ಆರಿಸಿಕೊಳ್ಳಿ. ನಿಮಗೆ ಪುಸ್ತಕ ತೆರೆದು ತೋರಿಸುವಷ್ಟು ಖಚಿತವಾಗಿ ಗೊತ್ತಿರುವ ಪ್ರಶ್ನೆಗಳೇ ಆಗಿರಲಿ. ಆ ಆರೇಳರಲ್ಲಿ ಕೀ ಎಡವಿದರೆ ಅದನ್ನು ಪಕ್ಕಕ್ಕಿಡಿ. ಹಾಗೆಯೇ ತಿದ್ದುತ್ತಾ ಹೋದಾಗ ಮೂವತ್ತರವರೆಗೆ ಚೆನ್ನಾಗಿ ಬಂದಿದ್ದು, ಅಲ್ಲಿಂದ ಮುಂದೆ ಏಳೆಂಟು ಉತ್ತರ ಒಂದೇ ಸಮನೆ ತಪ್ಪಾಗಿ ಕಂಡರೆ ನಿಮ್ಮ ಓದನ್ನು ಶಂಕಿಸುವ ಮುಂಚೆ ಕೀಯನ್ನು ಶಂಕಿಸಿ. ಓದಿದ ವಿದ್ಯಾರ್ಥಿಯ ತಪ್ಪುಗಳು ಪತ್ರಿಕೆಯುದ್ದಕ್ಕೂ ಚೆದುರಿರುತ್ತವೆ. ಒಂದೇ ಕಡೆ ಸಾಲಾಗಿ ನಿಂತ ತಪ್ಪುಗಳು ಬಹುತೇಕ ಸಾಲು ಜಾರಿದ ಕೀಯ ಗುರುತು. ಒಳ್ಳೆಯ ಅಂಕ ಬರಬೇಕಿದ್ದ ಮಕ್ಕಳು ಇಂಥ ಪಿಡಿಎಫ್ ನೋಡಿ ರಾತ್ರಿಯಿಡೀ ಅತ್ತ ಮನೆಗಳುಂಟು. ಆರೇಳು ಪ್ರಶ್ನೆಯ ಈ ಪರೀಕ್ಷೆಗೆ ಐದು ನಿಮಿಷ ಸಾಕು.

ಎರಡನೆಯದು, ನಾಲ್ಕು ಕೀಗಳು ಒಂದೇ ಉತ್ತರ ಹೇಳಿದವು ಎನ್ನುವ ಸಮಾಧಾನ. ಮೊದಲು ಬಂದ ಕೀಯನ್ನು ಉಳಿದವರು ಎದುರಿಗಿಟ್ಟುಕೊಂಡು ತಮ್ಮದನ್ನು ತಯಾರಿಸಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಹಾಗಾದಾಗ ನಾಲ್ಕು ಸಾಕ್ಷಿ ಇದ್ದಂತೆ ಕಂಡರೂ ಇರುವುದು ಒಂದೇ ಸಾಕ್ಷಿ. ನಕಲು ಗೊತ್ತಾಗುವುದು ತಪ್ಪಿನಲ್ಲಿ. ಎರಡು ಕೀಗಳಲ್ಲಿ ಸರಿಯುತ್ತರ ಒಂದೇ ಆಗಿದ್ದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಸರಿಯುತ್ತರ ಇರುವುದೇ ಒಂದು. ಆದರೆ ಯಾರೂ ಎಡವದ ಸುಲಭದ ಪ್ರಶ್ನೆಯಲ್ಲಿ ಎರಡಕ್ಕೂ ಒಂದೇ ವಿಚಿತ್ರ ತಪ್ಪಿದ್ದರೆ, ಒಂದೇ ಪ್ರಶ್ನೆಯ ಮುಂದೆ ಎರಡೂ ಖಾಲಿ ಬಿಟ್ಟಿದ್ದರೆ, ಒಂದು ಇನ್ನೊಂದರಿಂದ ಬಂದಿದೆ. ಅಂಥವನ್ನು ಒಂದೆಂದೇ ಎಣಿಸಬೇಕು. ಬೇರೆ ಬೇರೆ ಊರಿನ, ಬೇರೆ ವರ್ಷನ್ ಇಟ್ಟುಕೊಂಡು ಬಿಡಿಸಿದ ಎರಡು ಸಂಸ್ಥೆಗಳ ಕೀ ಸಿಕ್ಕರೆ ಅವು ಒಂದೇ ಕಡೆಯ ಹತ್ತಕ್ಕಿಂತ ಮೇಲು.

ಎರಡು ಸ್ವತಂತ್ರ ಕೀಗಳನ್ನು ಪಕ್ಕಪಕ್ಕ ಇಟ್ಟರೆ ಹೆಚ್ಚಿನ ಪ್ರಶ್ನೆಗಳಲ್ಲಿ ಒಮ್ಮತ ಕಾಣುತ್ತದೆ, ಕೆಲವದರಲ್ಲಿ ಭೇದ ಉಳಿಯುತ್ತದೆ. ಆ ಭೇದವೇ ನಮಗೆ ಬೇಕಾದ ಮಾಹಿತಿ. ನೀಟ್ ಮಾದರಿಯ ಪತ್ರಿಕೆಯಲ್ಲಿ ಒಬ್ಬ ವಿದ್ಯಾರ್ಥಿ 170 ಪ್ರಶ್ನೆಗೆ ಉತ್ತರಿಸಿದ್ದಾನೆ ಎಂದುಕೊಳ್ಳೋಣ. ಅದರಲ್ಲಿ 160 ಪ್ರಶ್ನೆಗಳಲ್ಲಿ ಎರಡೂ ಕೀಗಳು ಒಂದೇ ಉತ್ತರ ಹೇಳುತ್ತವೆ. ಅವನ 140 ಸರಿ, 20 ತಪ್ಪು. ಸರಿಯುತ್ತರಕ್ಕೆ ನಾಲ್ಕರಂತೆ 560, ತಪ್ಪಿಗೆ 20 ಕಳೆದರೆ 540. ಉಳಿದ ಹತ್ತು ಪ್ರಶ್ನೆಗಳಲ್ಲಿ ಕೀಗಳಿಗೇ ಒಮ್ಮತವಿಲ್ಲ. ಹತ್ತೂ ತಪ್ಪಾದರೆ 10 ಅಂಕ ಹೋಗುತ್ತದೆ, ಹತ್ತೂ ಸರಿಯಾದರೆ 40 ಸೇರುತ್ತದೆ. ಅಂದರೆ ಅವನ ಅಂಕ 530ರಿಂದ 580ರ ನಡುವೆ ಎಲ್ಲೋ ಇದೆ. ಒಂದೇ ಕೀ ನೋಡಿದ್ದರೆ ‘565’ ಎಂಬಂಥ ಒಂದು ಅಂಕಿ ಬರುತ್ತಿತ್ತು, ಮನೆಯವರೆಲ್ಲ ಅದನ್ನೇ ಹಿಡಿದು ಕೂರುತ್ತಿದ್ದರು. 565ಕ್ಕಿಂತ ‘530ರಿಂದ 580’ ಎನ್ನುವುದು ನಿಜಕ್ಕೆ ಹತ್ತಿರದ ಮಾತು. ತಿದ್ದುವಾಗ ನೆನಪಿನಿಂದ ಗುರುತು ಹಾಕದೆ ಓಎಂಆರ್ ಪ್ರತಿ ಇದ್ದರೆ ಅದರಿಂದಲೇ ನೋಡಬೇಕು ಎನ್ನುವುದನ್ನು ಬೇರೆ ಹೇಳಬೇಕಿಲ್ಲ. ಕಂಪ್ಯೂಟರ್ ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳ ನೆನಪಿನಿಂದ ಪ್ರಶ್ನೆ ಕೂಡಿಸಿ ಮಾಡುವ ಕೀಗಳಂತೂ ಅಂಕ ಲೆಕ್ಕಕ್ಕೆ ಬಾರವು. ಕೇಳಿದ ಪ್ರಶ್ನೆಯ ಒಂದು ಪದ ಬದಲಾದರೂ ಉತ್ತರ ಬದಲಾಗುತ್ತದೆ.

ಅಂಕದ ಅಂದಾಜು ಸರಿಯಿದ್ದರೂ ಮುಂದಿನ ಹೆಜ್ಜೆ ತಪ್ಪಬಹುದು. ಕೀ ಕೊಟ್ಟ ಸಂಸ್ಥೆಯೇ ‘ನಿಮ್ಮ ರ‍್ಯಾಂಕ್ ತಿಳಿಯಿರಿ’ ಎಂದು ಇನ್ನೊಂದು ಪುಟ ತೆರೆದಿರುತ್ತದೆ. ಹಿಂದಿನ ವರ್ಷ ಇಷ್ಟು ಅಂಕಕ್ಕೆ ಇಷ್ಟು ರ‍್ಯಾಂಕ್ ಎಂಬ ಪಟ್ಟಿ ಅದರ ಆಧಾರ. ನೀಟ್‌ನಲ್ಲಿ ಸಾಮಾನ್ಯ ವರ್ಗದ ಅರ್ಹತಾ ಅಂಕ 2023ರಲ್ಲಿ 137 ಇತ್ತು. 2024ರಲ್ಲಿ ಮೊದಲು 164, ಪರಿಷ್ಕರಣೆಯ ನಂತರ 162. ಒಂದೇ ವರ್ಷದಲ್ಲಿ ಕೆಳಗಿನ ಗೆರೆಯೇ ಇಷ್ಟು ಮೇಲೇರಿದ ಮೇಲೆ 2023ರ ಪಟ್ಟಿ ನೋಡಿ 2024ರ ರ‍್ಯಾಂಕ್ ಹೇಳಿದವರ ಮಾತು ಹೇಗೆ ನಿಂತೀತು? ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕವೂ ಅರ್ಧ ಪಾಲು ಸೇರುವುದರಿಂದ ಬರೀ ಕೀ ನೋಡಿ ರ‍್ಯಾಂಕ್ ಹೇಳುವುದು ಇನ್ನೂ ದೂರದ ಮಾತು.

ಈ ಅಂದಾಜಿನ ಮೇಲೆ ಮನೆಗಳಲ್ಲಿ ಏನೇನು ನಿರ್ಧಾರವಾಗುತ್ತದೆ ಎನ್ನುವುದನ್ನು ನೋಡಿದರೆ ಸಂಕಟವಾಗುತ್ತದೆ. 2024ರಲ್ಲಿ ನೀಟ್ ಮುಗಿದು ತಾತ್ಕಾಲಿಕ ಕೀ ಬರಲು 24 ದಿನ ಹಿಡಿಯಿತು. ಸಿಇಟಿ ಮುಗಿದು ಫಲಿತಾಂಶ ಬಂದದ್ದು ಜೂನ್ 1ಕ್ಕೆ. ಈ ನಡುವಿನ ವಾರಗಳಲ್ಲಿಯೇ ಲಾಂಗ್ ಟರ್ಮ್ ಬ್ಯಾಚಿಗೆ ಫೋನುಗಳು ಬರುತ್ತವೆ, ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕೇಳುತ್ತಾರೆ. ‘ನಮ್ಮ ಕೀ ಪ್ರಕಾರ ನಿಮ್ಮ ಹುಡುಗನಿಗೆ ಸರ್ಕಾರಿ ಸೀಟು ಕಷ್ಟ’ ಎಂದು ಹೇಳುವವರೂ ರಿಪೀಟರ್ಸ್ ಬ್ಯಾಚ್ ನಡೆಸುವವರೂ ಒಬ್ಬರೇ ಆಗಿರುವುದುಂಟು. ಕೀ ತಯಾರಿಸಿದ ಮೇಷ್ಟ್ರು ಪ್ರಾಮಾಣಿಕರೇ ಇರಬಹುದು. ಆ ಕೀ ಇಟ್ಟುಕೊಂಡು ಫೋನು ಮಾಡುವ ವಿಭಾಗಕ್ಕೆ ಬೇಕಾಗಿರುವುದು ಅಡ್ಮಿಷನ್. ಅಧಿಕೃತ ಕೀ ಬರುವವರೆಗೆ ವಾಪಸ್ ಸಿಗದ ಯಾವ ಹಣವನ್ನೂ ಕಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅನಧಿಕೃತ ಕೀಗೆ ಒಳ್ಳೆಯ ಉಪಯೋಗವೂ ಇದೆ, ಅದನ್ನು ಜನ ಬಳಸುವುದು ಕಡಿಮೆ. ಪ್ರಾಧಿಕಾರದ ತಾತ್ಕಾಲಿಕ ಕೀ ಬಂದ ಮೇಲೆ ಆಕ್ಷೇಪಣೆಗೆ ಕೆಲವೇ ದಿನ ಇರುತ್ತದೆ. ಎನ್‌ಟಿಎ ಪರೀಕ್ಷೆಗಳಲ್ಲಿ ಪ್ರಶ್ನೆಗೆ 200 ರೂಪಾಯಿಯಂತೆ ವಾಪಸ್ ಬಾರದ ಶುಲ್ಕ ಕಟ್ಟಬೇಕು; ಸಿಇಟಿಯಲ್ಲಿ ಆಧಾರ ಸಹಿತ ಸಲ್ಲಿಸಬೇಕು. ಆಗ ಎರಡು ಸ್ವತಂತ್ರ ಕೀಗಳೂ ತಾತ್ಕಾಲಿಕ ಕೀಗೆ ವಿರುದ್ಧವಾಗಿ ಒಂದೇ ಉತ್ತರ ಹೇಳುವ ಪ್ರಶ್ನೆಗಳು ಯಾವುವು ಎಂದು ನೋಡಿದರೆ ಎಲ್ಲಿ ಆಕ್ಷೇಪಣೆ ಹಾಕಬಹುದು ಎಂಬುದು ಸಿಗುತ್ತದೆ. ಆದರೆ ಆಕ್ಷೇಪಣೆಗೆ ಆಧಾರವಾಗಿ ಕೋಚಿಂಗ್ ಕೀಯನ್ನೇ ಲಗತ್ತಿಸಿದರೆ ಯಾರೂ ಪರಿಗಣಿಸುವುದಿಲ್ಲ. ಪಠ್ಯಪುಸ್ತಕದ ಪುಟವೇ ಬೇಕು, ಅದೂ ಚಾಲ್ತಿಯಲ್ಲಿರುವ ಆವೃತ್ತಿಯದು. ಹಳೆಯ ಆವೃತ್ತಿಯ ಆಧಾರ ಕೊನೆಗೆ ಏನಾಯಿತೆಂದು ಪರಮಾಣು ಪ್ರಶ್ನೆಯಲ್ಲಿ ನೋಡಿದೆವು.

ಇನ್ನು ಗೆಸ್ ಪೇಪರ್. ಇಲ್ಲಿ ಎರಡು ಬೇರೆ ಸರಕುಗಳು ಒಂದೇ ಹೆಸರಿನಲ್ಲಿ ಬಿಕರಿಯಾಗುತ್ತವೆ. ಒಂದು, ಅನುಭವಿ ಉಪನ್ಯಾಸಕರು ಬ್ಲೂಪ್ರಿಂಟ್ ಮತ್ತು ಹಳೆಯ ಪತ್ರಿಕೆಗಳನ್ನು ನೋಡಿ ಮಾಡುವ ಪಟ್ಟಿ. ಇನ್ನೊಂದು, ‘ಪತ್ರಿಕೆಯೇ ಸಿಕ್ಕಿದೆ’ ಎಂಬ ಸುಳಿವು ಕೊಟ್ಟು ಮಾರುವ ಮೋಸ. ಎರಡನೆಯದರ ಬಗ್ಗೆ 2024ರ ಜೂನ್ ಒಂದು ದೊಡ್ಡ ಪಾಠ ಕೊಟ್ಟಿತು. ಜೂನ್ 18ರಂದು ದೇಶದಾದ್ಯಂತ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಯುಜಿಸಿ ನೆಟ್ ಬರೆದರು. ಮರುದಿನವೇ ಪರೀಕ್ಷೆ ರದ್ದಾಯಿತು. ಟೆಲಿಗ್ರಾಂನಲ್ಲಿ ಓಡಾಡುತ್ತಿದ್ದ ಪತ್ರಿಕೆಯ ಸ್ಕ್ರೀನ್‌ಶಾಟ್ ಪರೀಕ್ಷೆಗೆ ಮುಂಚಿನದು ಎಂದು ತೋರುವಂತೆ ತಿದ್ದಿದ್ದು ಎಂಬುದು ಆಮೇಲೆ ಸಿಬಿಐ ತನಿಖೆಯಲ್ಲಿ ಕಂಡುಬಂತು. ಅಷ್ಟರಲ್ಲಿ ಅಷ್ಟೂ ಅಭ್ಯರ್ಥಿಗಳು ಮತ್ತೆ ಪರೀಕ್ಷೆಗೆ ತಯಾರಾಗಬೇಕಾಗಿತ್ತು. ನೀಟ್ ಪ್ರಕರಣದಲ್ಲಿಯೂ ಮೇ 4ರ ದಿನಾಂಕ ತೋರಿಸುತ್ತಿದ್ದ ಒಂದು ಟೆಲಿಗ್ರಾಂ ದೃಶ್ಯದ ದಿನಾಂಕ ತಿರುಚಿದ್ದು ಎಂದು ಎನ್‌ಟಿಎ ಸುಪ್ರೀಂ ಕೋರ್ಟಿಗೆ ತಿಳಿಸಿತು.

ಇದು ನಡೆಯುವ ಬಗೆ ಸರಳ. ಚಾನೆಲ್ ನಡೆಸುವವನು ಪರೀಕ್ಷೆಯ ಹಿಂದಿನ ದಿನ ಯಾವುದೋ ಒಂದು ಚಿತ್ರ ಹಾಕಿರುತ್ತಾನೆ. ಪರೀಕ್ಷೆ ಮುಗಿದ ಮೇಲೆ ಅದೇ ಪೋಸ್ಟನ್ನು ತಿದ್ದಿ, ಹಳೆಯ ಚಿತ್ರದ ಜಾಗಕ್ಕೆ ನಿಜವಾದ ಪ್ರಶ್ನೆಪತ್ರಿಕೆಯ ಚಿತ್ರ ಕೂರಿಸುತ್ತಾನೆ. ಪೋಸ್ಟ್ ಹಾಕಿದ ದಿನಾಂಕ ಮೊದಲಿನದೇ ಉಳಿಯುತ್ತದೆ. ನೋಡಿದವರಿಗೆ ‘ಹಿಂದಿನ ದಿನವೇ ಇವನ ಹತ್ತಿರ ಪತ್ರಿಕೆ ಇತ್ತು’ ಎನಿಸುತ್ತದೆ, ಮುಂದಿನ ಪರೀಕ್ಷೆಗೆ ದುಡ್ಡು ಕಟ್ಟುತ್ತಾರೆ. ಸಮಯದ ಪಕ್ಕದಲ್ಲಿ ಸಣ್ಣಗೆ edited ಎಂದಿದೆಯೇ ನೋಡಬೇಕು. ಅದಕ್ಕಿಂತ ಗಟ್ಟಿ ಪುರಾವೆ, ಪರೀಕ್ಷೆಗೆ ಮುಂಚೆ ಯಾರಾದರೂ ಆ ಪೋಸ್ಟನ್ನು ಬೇರೆ ಕಡೆಗೆ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ. ಮೂಲವನ್ನು ತಿದ್ದಿದರೂ ಫಾರ್ವರ್ಡ್ ಆದ ಪ್ರತಿ ಹಾಗೆಯೇ ಉಳಿಯುತ್ತದೆ. ನೂರಾರು ಜನ ಪರೀಕ್ಷೆಗೆ ಮೊದಲು ನೋಡಿದ್ದಾರೆ ಎನ್ನುವ ಚಿತ್ರದ ಒಂದು ಹಳೆಯ ಪ್ರತಿಯೂ ಯಾರ ಬಳಿಯೂ ಇಲ್ಲದಿದ್ದರೆ ಅದು ಪರೀಕ್ಷೆಗೆ ಮೊದಲು ಇರಲೇ ಇಲ್ಲ ಎಂದೇ ಅರ್ಥ.

ನಿಜವಾದ ಸೋರಿಕೆಗಳೂ ಆಗಿವೆ. 2024ರ ನೀಟ್ ಪತ್ರಿಕೆ ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಸೋರಿದ್ದನ್ನು ಸುಪ್ರೀಂ ಕೋರ್ಟೇ ಗುರುತಿಸಿತು. ನಮ್ಮಲ್ಲಿ 2016ರ ದ್ವಿತೀಯ ಪಿಯು ರಸಾಯನಶಾಸ್ತ್ರವನ್ನು ಆ ವರ್ಷ ಬರೆದವರು ಮರೆತಿಲ್ಲ. ಮಾರ್ಚ್ 21ರ ಪರೀಕ್ಷೆಯ ಪತ್ರಿಕೆ ಸೋರಿತು. ಮಾರ್ಚ್ 31ಕ್ಕೆ ಮರುಪರೀಕ್ಷೆ ಗೊತ್ತಾಯಿತು, ಅದೂ ಸೋರಿತು. ಕೊನೆಗೆ ಏಪ್ರಿಲ್ 12ಕ್ಕೆ ನಡೆಯಿತು. ಸೋರಿದ ಪತ್ರಿಕೆಯನ್ನು ನೆಚ್ಚಿ ಉಳಿದದ್ದನ್ನು ಓದದೆ ಬಿಟ್ಟವರು ಕೊನೆಯಲ್ಲಿ ಎದುರಿಸಿದ್ದು ಬೇರೆಯೇ ಪತ್ರಿಕೆಯನ್ನು. ನಕಲಿ ಸೋರಿಕೆಯನ್ನು ನಂಬಿದರೂ ನಿಜ ಸೋರಿಕೆಯನ್ನು ನಂಬಿದರೂ ನೆಚ್ಚಿದವರಿಗೆ ಸಿಕ್ಕಿದ್ದು ಅಷ್ಟೆ.

ಪ್ರಾಮಾಣಿಕ ಗೆಸ್ ಪೇಪರಿನ ಬೆಲೆ ಕಟ್ಟುವುದು ಸ್ವಲ್ಪ ಸೂಕ್ಷ್ಮದ ಕೆಲಸ. ‘ಕಳೆದ ವರ್ಷ ನಮ್ಮ ಪಟ್ಟಿಯಿಂದ 16 ಪ್ರಶ್ನೆ ಬಂದಿತ್ತು’ ಎನ್ನುವುದು ಸಾಮಾನ್ಯ ಪ್ರಚಾರ. ಆ ಪಟ್ಟಿಯಲ್ಲಿ ಒಟ್ಟು ಎಷ್ಟು ಪ್ರಶ್ನೆಗಳಿದ್ದವು ಎಂದು ಕೇಳಿ. ಒಂದು ವಿಷಯದಲ್ಲಿ ಕೇಳಬಹುದಾದ ಪ್ರಶ್ನೆಗಳು ಸುಮಾರು 300 ಎಂದುಕೊಳ್ಳಿ, ಪಟ್ಟಿಯಲ್ಲಿ 120 ಇವೆ, ಪರೀಕ್ಷೆಗೆ 40 ಬರುತ್ತವೆ. 300ರಲ್ಲಿ 120 ಎಂದರೆ ನೂರಕ್ಕೆ 40. ಏನೂ ತಿಳಿಯದವನು ಚೀಟಿ ಎತ್ತಿ 120 ಪ್ರಶ್ನೆ ಆರಿಸಿದ್ದರೂ 40ರಲ್ಲಿ ಸರಾಸರಿ 16 ಬರುತ್ತಿತ್ತು. ಹಾಗಾದರೆ ಆ ಪಟ್ಟಿಯಲ್ಲಿ ಉಪನ್ಯಾಸಕರ ಅನುಭವ ಸೇರಿಸಿದ್ದೇನು? ಏನೂ ಇಲ್ಲ.

ದ್ವಿತೀಯ ಪಿಯು ಭೌತಶಾಸ್ತ್ರದಲ್ಲಿ ಇದು ಇನ್ನಷ್ಟು ಸ್ಪಷ್ಟ. ಈಗಿನ ಪಠ್ಯದಲ್ಲಿ 14 ಅಧ್ಯಾಯಗಳಿವೆ, ಲಿಖಿತ ಪತ್ರಿಕೆ 70 ಅಂಕದ್ದು. ಹೆಚ್ಚು ಅಂಕದ ಪ್ರಶ್ನೆಯಾಗಿ ಕೇಳಲು ತಕ್ಕ ನಿಷ್ಪತ್ತಿಗಳೇ ಬೆರಳೆಣಿಕೆಯಷ್ಟು. ಯಂಗ್‌ನ ಪ್ರಯೋಗದಲ್ಲಿ ಪಟ್ಟಿಗಳ ಅಗಲ, ಮಸೂರ ತಯಾರಕನ ಸೂತ್ರ, ವೃತ್ತಾಕಾರದ ಸುರುಳಿಯ ಅಕ್ಷದ ಮೇಲಿನ ಕಾಂತಕ್ಷೇತ್ರ, ಇಂಥವನ್ನು ‘ಫಿಕ್ಸ್’ ಎಂದು ಹೇಳಲು ಯಾವ ಒಳಮಾಹಿತಿಯೂ ಬೇಡ. ಇವನ್ನೆಲ್ಲ ಓದಲೇಬೇಕು, ಗೆಸ್ ಪೇಪರ್ ಹೇಳಿದರೂ ಹೇಳದಿದ್ದರೂ. ಪಟ್ಟಿಯ ನಿಜವಾದ ಪರೀಕ್ಷೆ ಅದು ಏನನ್ನು ಬಿಡಲು ಹೇಳುತ್ತದೆ ಎನ್ನುವುದರಲ್ಲಿದೆ. ‘ಈ ಅಧ್ಯಾಯ ಬಿಡಿ’ ಎಂದು ಹೇಳಿ, ಆ ಅಧ್ಯಾಯದಿಂದ ಅಂಕ ಹೋಗದಿದ್ದರೆ ಮಾತ್ರ ಹೇಳಿದವರಿಗೆ ಏನೋ ತಿಳಿದಿತ್ತು ಎನ್ನಬಹುದು. ಅಧ್ಯಾಯವಾರು ಅಂಕ ಹಂಚಿಕೆಯ ಬ್ಲೂಪ್ರಿಂಟನ್ನು ಪರೀಕ್ಷಾ ಮಂಡಳಿಯೇ ಪ್ರಕಟಿಸುತ್ತದೆ; ಪೂರ್ತಿ ಅಧ್ಯಾಯ ಬಿಡುವ ಸಲಹೆಯನ್ನು ಮೊದಲು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಒಂದು ಮೂಲವನ್ನು ಅಳೆಯಬೇಕೆಂದಿದ್ದರೆ ಅದರ ಕಳೆದ ವರ್ಷದ ಪಟ್ಟಿಯನ್ನೇ ತೆಗೆದುಕೊಳ್ಳಿ, ಪರೀಕ್ಷೆಗೆ ಮೊದಲೇ ಗೆಳೆಯರ ಬಳಿ ಉಳಿದಿರುವ ಪ್ರತಿಯಾಗಿದ್ದರೆ ಉತ್ತಮ. ಚಾನೆಲ್‌ನಲ್ಲಿ ಈಗ ಕಾಣುವ ಪ್ರತಿಯನ್ನು ನಂಬಬೇಡಿ. ಗುರಿ ತಪ್ಪಿದ ಪಟ್ಟಿಗಳನ್ನು ಅಳಿಸಿ ತಾಗಿದ್ದನ್ನು ಮಾತ್ರ ಉಳಿಸುವುದು ಅಲ್ಲಿನ ರೂಢಿ. ಪಟ್ಟಿಯ ಪ್ರಶ್ನೆಗೆ ಬಾಯಿಪಾಠ ಮಾಡಿದ ಉತ್ತರವನ್ನೇ ಬರೆದರೆ ನಿಜ ಪತ್ರಿಕೆಯಲ್ಲಿ ಪೂರ್ಣಾಂಕ ಬರುತ್ತದೆ ಎಂದಾದರೆ ಮಾತ್ರ ಅದನ್ನು ‘ಬಂದಿದೆ’ ಎಂದು ಎಣಿಸಿ. ‘ಅದೇ ಅಧ್ಯಾಯದಿಂದ ಬಂದಿದೆ’ ಎನ್ನುವುದು ಲೆಕ್ಕಕ್ಕಿಲ್ಲ. ಹಾಗೆ ಬಂದ ಅಂಕವನ್ನು ಬರೆದಿಟ್ಟುಕೊಂಡು, ಅದೇ ರೀತಿ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ಹಿಂದಿನ ಮೂರ್ನಾಲ್ಕು ವರ್ಷಗಳ ಪತ್ರಿಕೆಗಳನ್ನೂ ನಿಜ ಪತ್ರಿಕೆಗೆ ಹೋಲಿಸಿ. ಇವೆಲ್ಲ ಪುಕ್ಕಟೆ ಸಿಗುವಂಥವು. ದುಡ್ಡು ಕೊಟ್ಟು ತಂದ ಪಟ್ಟಿ ಇವುಗಳಿಗಿಂತ ಹೆಚ್ಚು ಅಂಕ ತರಲಿಲ್ಲವಾದರೆ ಈ ವರ್ಷ ಅದು ಬೇಡ.

ಶಾಲಾ ಕಾಲೇಜುಗಳಲ್ಲಿ ಕೊಡುವ ‘ಪಾಸಿಂಗ್ ಪ್ಯಾಕೇಜ್’ ಅನ್ನು ಇದರ ಜೊತೆ ಸೇರಿಸಬಾರದು. ಹಿಂದುಳಿದ ವಿದ್ಯಾರ್ಥಿ ಕಡಿಮೆ ಸಮಯದಲ್ಲಿ ಯಾವುದನ್ನು ಓದಿದರೆ ಪಾಸಾಗಬಹುದು ಎಂಬುದನ್ನು ಅಂಕ ಹಂಚಿಕೆ ನೋಡಿ ತಯಾರಿಸುವ ಪುಸ್ತಿಕೆ ಅದು. ಯಾವ ಪ್ರಶ್ನೆ ಬರುತ್ತದೆ ಎಂದು ಅದು ಹೇಳುವುದಿಲ್ಲ, ಹೇಳುತ್ತದೆ ಎಂದು ತಿಳಿದು ಚೆನ್ನಾಗಿ ಓದುವ ಮಕ್ಕಳೂ ಅಷ್ಟಕ್ಕೇ ನಿಂತಾಗ ತೊಂದರೆ.

ವರ್ಷದ ಕೊನೆಯಲ್ಲಿ ಕನ್ನಡದಲ್ಲಿ ಬರೆಯುವ ಅಭ್ಯರ್ಥಿಗಳಿಗೆ ಇನ್ನೊಂದು ಪೆಟ್ಟು ಬಿತ್ತು. ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರ ಮರುಪರೀಕ್ಷೆ ಘೋಷಿಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯಲ್ಲಿಯೂ ಅನುವಾದದ ತಪ್ಪುಗಳ ದೂರು ಕೇಳಿಬಂತು. ಇಂಥ ಪತ್ರಿಕೆಗೆ ಬರುವ ಕೀಗಳಲ್ಲಿ ಇಂಗ್ಲಿಷ್ ಪ್ರಶ್ನೆ ಓದಿ ಬಿಡಿಸಿದವು ಹೆಚ್ಚು. ಕನ್ನಡದ ಪ್ರಶ್ನೆ ಬೇರೆಯೇ ಅರ್ಥ ಕೊಡುತ್ತಿದ್ದರೆ, ಕನ್ನಡದಲ್ಲಿ ಓದಿ ಸರಿಯಾಗಿ ಉತ್ತರಿಸಿದವನ ಗುರುತೂ ಕೀಯಲ್ಲಿ ತಪ್ಪೆಂದೇ ಕಾಣುತ್ತದೆ. ಆದ್ದರಿಂದ ಕನ್ನಡ ಮಾಧ್ಯಮದವರು ಕೀ ನೋಡುವಾಗ ತಪ್ಪಾದ ಪ್ರತಿ ಪ್ರಶ್ನೆಯ ಇಂಗ್ಲಿಷ್ ಪಾಠವನ್ನೂ ಓದಿ, ಭಿನ್ನ ಅರ್ಥ ಬರುವಂಥವನ್ನು ಬೇರೆಯಾಗಿ ಬರೆದಿಡಬೇಕು. ನೀಟ್‌ನಲ್ಲಿ ಅನುವಾದದ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ನಿಯಮವಿದೆ. ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹಾಗೆ ಬರೆದಿಟ್ಟ ಪಟ್ಟಿಯೇ ಮುಂದೆ ಆಕ್ಷೇಪಣೆಗೂ ಬರುತ್ತದೆ.

ಕೀ ಪ್ರಕಟಿಸುವ ಸಂಸ್ಥೆಗಳಿಗೂ ಒಂದು ಮಾತು ಹೇಳಬೇಕಿದೆ. ಯಾವ ವರ್ಷನ್ ಬಿಡಿಸಿದ್ದೀರಿ, ಯಾವ ಭಾಷೆಯ ಪ್ರಶ್ನೆ ಓದಿದ್ದೀರಿ ಎಂಬುದನ್ನು ಕೀಯ ತಲೆಯಲ್ಲಿ ಅಚ್ಚು ಹಾಕಿ. ಅನುಮಾನವಿರುವ ಪ್ರಶ್ನೆಗಳ ಮುಂದೆ ಗುರುತು ಇಡಿ. ಮರುದಿನ ಉತ್ತರ ತಿದ್ದಿದರೆ ಹಳೆಯದನ್ನು ಸದ್ದಿಲ್ಲದೆ ಅಳಿಸದೆ, ಯಾವ ಪ್ರಶ್ನೆಯಲ್ಲಿ ಏನು ತಿದ್ದಿದಿರಿ ಎಂದು ತಿಳಿಸಿ. ಅಧಿಕೃತ ಅಂತಿಮ ಕೀ ಬಂದ ಮೇಲೆ ನಿಮ್ಮ ಕೀಯಲ್ಲಿ ಎಷ್ಟು ತಪ್ಪಿತ್ತು ಎಂದು ನೀವೇ ಲೆಕ್ಕ ಕೊಡಿ. ಮುಂದಿನ ಸಿಇಟಿಯ ಸಂಜೆ ಕೀ ತೆರೆಯುವ ಪ್ರತಿ ವಿದ್ಯಾರ್ಥಿಯೂ ಇವುಗಳಲ್ಲಿ ಮೊದಲೆರಡನ್ನು ಹುಡುಕಲಿ, ಸಿಗದಿದ್ದರೆ ಆ ಕೀಯಲ್ಲಿ ಅಂಕ ಕೂಡಿಸಲು ಕೂರದೆ ಮುಂದಿನ ಪರೀಕ್ಷೆಗೆ ಓದಲು ಕೂರಲಿ.